ದೊಡ್ಡಪ್ಪನ ಒಂಬತ್ತು ಪುಟ

ಅಕ್ಟೋಬರ್ 6, ಸೋಮವಾರ

ಬೇಕರಿ, ಬೆಳಿಗ್ಗೆ ಐದಕ್ಕೆ. ಮಾಂಸದ ಪೈ ಇನ್ನೂರು. ಟ್ರೇ ತಾಗಿ ಮತ್ತೆ ಕೈ ಸುಟ್ಟಿತು, ಅದೇ ಜಾಗದಲ್ಲಿ.

ಮನೆಗೆ ಬಂದರೆ ಮೇಜಿನ ಮೇಲೆ ಒಂಬತ್ತು ಪುಟ. ನೆವಿಲ್ ದೊಡ್ಡಪ್ಪನ ಕೈಬರಹ. ಅಕ್ಕ ಇಮ್ಮಿಯ ಮದುವೆಗೆ ಇನ್ನು ಹನ್ನೆರಡು ದಿನ. ಅಪ್ಪ ಇಲ್ಲ. ಹಾಗಾಗಿ ಊಟಕ್ಕೆ ಮುಂಚೆ ಗ್ಲಾಸ್ ಎತ್ತಿ ಶುಭ ಕೋರುವ ಮಾತು, ಅಂದರೆ ಟೋಸ್ಟ್, ಹೇಳುವವನು ಅಪ್ಪನ ಅಣ್ಣ.

“ನೀನೇ ಸರಿಮಾಡು ಟೆಸ್,” ಎಂದಳು ಅಮ್ಮ. “ಅವನಿಗೆ ಹೆದರದವಳು ನೀನೊಬ್ಬಳೇ.”

“ನಾನು ಹತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು.”

“ಅದಕ್ಕೇ. ಓದಿದವರ ಕೈಗೆ ಕೊಟ್ಟರೆ ಇನ್ನೂ ಮೂರು ಪುಟ ಸೇರಿಸ್ತಾರೆ.”

ಇಮ್ಮಿ ಫೋನ್ ಮಾಡಿದಳು. “ಅಪ್ಪನ ಅಂತ್ಯಕ್ರಿಯೇಲಿ ಇಪ್ಪತ್ತಮೂರು ನಿಮಿಷ ಮಾತಾಡಿದಾನೆ. ನನ್ನ ಮದುವೇಲೂ ಹಾಗೇ ಮಾಡಿದರೆ ಎದ್ದು ಹೊರಗೆ ಹೋಗ್ತೀನಿ. ತಮಾಷೆಗೆ ಹೇಳ್ತಿಲ್ಲ.”

ನನಗೆ ಗೊತ್ತು. ಹೋಗುತ್ತಾಳೆ.

ಅಕ್ಟೋಬರ್ 7

ಫೋನಿನಲ್ಲಿ ಟೈಮರ್ ಇಟ್ಟು ಗಟ್ಟಿಯಾಗಿ ಓದಿದೆ. ಹತ್ತೊಂಬತ್ತು ನಿಮಿಷ.

ಮೊದಲ ಎರಡು ಪುಟ — ಮದುವೆ ಎಂದರೇನು. ಮೂರನೆಯದು — ತಾತ ಜಮೀನು ಕೊಂಡದ್ದು, ಬೇಲಿ ಹಾಕಿದ್ದು. ಮದುಮಗ ಬರುವುದು ಎಂಟನೇ ಪುಟದಲ್ಲಿ, ಅದೂ ‘ಆಂಟನಿ’ ಎಂದು. ಅವನ ಹೆಸರು ಆಂಟನ್. ಕೊನೆಯ ಸಾಲು: ‘ಎಲ್ಲರೂ ತಲೆ ಬಾಗಿಸೋಣ.’ ಗ್ಲಾಸ್ ಎತ್ತುವುದೇ ಇಲ್ಲ!

ನಾಲ್ಕು, ಐದು ಎಲ್ಲೋ ಕೇಳಿದ ಹಾಗಿತ್ತು. ಆಮೇಲೆ ಹೊಳೆಯಿತು. ಅಪ್ಪನ ಅಂತ್ಯಕ್ರಿಯೆಯ ಭಾಷಣ. ಪದಕ್ಕೆ ಪದ. ಅಪ್ಪನ ಹೆಸರು ‘ಡಗ್’ ಎಂದಿದ್ದ ಕಡೆ ‘ಇಮ್ಮಿ’. ‘ನಮ್ಮನ್ನು ಅಗಲುತ್ತಿರುವ’ ಎನ್ನುವುದನ್ನೂ ಹಾಗೇ ಬಿಟ್ಟಿದ್ದಾನೆ.

ಆರನೇ ಪುಟ: ‘ಚಿಕ್ಕ ಮಗಳು ಓದು ಬಿಟ್ಟಳು ಎನ್ನುವುದೊಂದೇ ಡಗ್‌ಗಿದ್ದ ಕೊರಗು.’

ಅಪ್ಪ ಸತ್ತದ್ದು ಮಾರ್ಚ್‌ನಲ್ಲಿ. ನಾನು ಸ್ಕೂಲು ಬಿಟ್ಟದ್ದು ಆಗಸ್ಟ್‌ನಲ್ಲಿ. ಸತ್ತ ಐದು ತಿಂಗಳ ಮೇಲೆ ಕೊರಗು ಎಲ್ಲಿಂದ ಬಂತು? ನೂರಿಪ್ಪತ್ತು ಜನರ ಮುಂದೆ ಈ ಸುಳ್ಳು ಓದುತ್ತಾನಂತೆ. ಪುಟ ಹರಿಯಲು ಹೋದೆ. ಹರಿಯಲಿಲ್ಲ. ಸಾಕ್ಷಿ ಬೇಕು.

ಅಕ್ಟೋಬರ್ 8

ಬೇಕರಿ ಮುಗಿಸಿ ನೇರ ದೊಡ್ಡಪ್ಪನ ಜಮೀನಿಗೆ ಹೋದೆ. ಹಸುಗಳಿಗೆ ಹುಲ್ಲು ಹಾಕುತ್ತಿದ್ದ.

“ಆರನೇ ಪುಟ ಸುಳ್ಳು,” ಎಂದೆ.

“ಯಾವುದು?”

“ನಿನಗೆ ಗೊತ್ತು. ಅಪ್ಪ ಇದ್ದಾಗ ನಾನು ಸ್ಕೂಲಲ್ಲೇ ಇದ್ದೆ.”

ಹುಲ್ಲಿನ ಕಟ್ಟಿನ ಹಗ್ಗ ಕೊಯ್ದ. ಎರಡನೇ ಕಟ್ಟಿಗೆ ಹೋದ. ನಾನೂ ಹಿಂದೆ ಹೋದೆ.

“ಕೊರಗು ನಂದು,” ಎಂದ ಕೊನೆಗೆ. “ನಂದು ಅಂತ ಹೇಳಕ್ಕೆ ನಾನ್ಯಾರು? ಅವನ ಹೆಸರಲ್ಲಿ ಹಾಕಿದೆ.”

“ಸತ್ತವನ ಬಾಯಿಗೆ ಮಾತು ತುರುಕಿದೆ.”

“ಹಾಗೇ ಅಂದ್ಕೋ. ನಿಮ್ಮಪ್ಪನೇನು ಸತ್ಯಹರಿಶ್ಚಂದ್ರನಾ? ಇಮ್ಮಿಗೆ ಹತ್ತು ವರ್ಷಕ್ಕೇ ಆ ಕೆಂಪು ಪಿಕಪ್ ಗಾಡಿ, ಯೂಟ್, ಓಡಿಸಕ್ಕೆ ಕಲಿಸಿ, ನನ್ನ ಗೇಟು ಮುರಿಸಿ, ಹಸು ಗುದ್ದಿತು ಅಂದ. ನೋಡು, ನನ್ನ ಹಸುಗಳೆಲ್ಲ ಕಪ್ಪು. ಗೇಟಿಗೆ ಮೆತ್ತಿದ್ದು ಕೆಂಪು ಬಣ್ಣ.”

ಸಿಟ್ಟಿನಲ್ಲೇ ನಗು ಬಂತು. ಅದಕ್ಕೆ ಇನ್ನೂ ಸಿಟ್ಟು ಬಂತು.

“ಇದನ್ನ ಯಾಕೆ ಬರೆದಿಲ್ಲ?”

“ಬರೆದಿದ್ದೆ. ಅವತ್ತು, ಅಂತ್ಯಕ್ರಿಯೆಗೆ. ಅಲ್ಲಿ ನಿಂತ ಮೇಲೆ ಆ ಪುಟ ಓದಕ್ಕಾಗಲಿಲ್ಲ. ಒಂದು ಸಲ ನಕ್ಕಿದ್ದರೆ ಅಳು ನಿಲ್ತಿರಲಿಲ್ಲ. ಉಳಿದದ್ದನ್ನೇ ಎಳೆದೆ.”

ಇಪ್ಪತ್ತಮೂರು ನಿಮಿಷ.

ಅಕ್ಟೋಬರ್ 9

ಕತ್ತರಿ ಹಿಡಿದು ಕೂತೆ. ನಿಜವಾದ ಕತ್ತರಿ. ಒಂಬತ್ತು ಪುಟದಲ್ಲಿ ಉಳಿದದ್ದು ನಾಲ್ಕು ಸಾಲು.

ಮೂರೂವರೆ ನಿಮಿಷ ಸಾಕು. ಜನರ ಹೊಟ್ಟೆಗೆ ಇನ್ನೂ ಏನೂ ಬಿದ್ದಿರುವುದಿಲ್ಲ, ಹಿಂದೆ ಅಡುಗೆಯವರು ಕಾಯುತ್ತಿರುತ್ತಾರೆ. ‘ಮದುವೆ ಎಂದರೆ’ ಎಂದು ಶುರುವಾಗುವುದೆಲ್ಲ ಕಸ. ಒಂದೇ ಕತೆ. ಅದು ಗೇಟು. ಆಂಟನ್ ಕಡೆಯವರಿಗೂ ಅರ್ಥವಾಗಬೇಕು, ಆದ್ದರಿಂದ ತಾತನ ಬೇಲಿ ಬೇಡ. ಮೊದಲ ಜೋಕು ದೊಡ್ಡಪ್ಪ ತನ್ನ ಮೇಲೇ ಮಾಡಿಕೊಳ್ಳಬೇಕು. ಆಗ ಜನ ಸಡಿಲವಾಗುತ್ತಾರೆ. ಇಮ್ಮಿಯ ಹಳೆಯ ಹುಡುಗರ ಸುದ್ದಿ ಬೇಡ. ಆಂಟನ್ ಅರ್ಧದೊಳಗೇ ಬರಬೇಕು. ಅಪ್ಪನಿಗೆ ಒಂದೇ ಮಾತು, ನಗು ಮುಗಿದ ಮೇಲೆ. ಎರಡಾದರೆ ಮತ್ತೆ ಅಂತ್ಯಕ್ರಿಯೆ.

ಅವನು ಬರೆದದ್ದು: ‘ಈ ಶುಭ ಸಂದರ್ಭದಲ್ಲಿ ಮಾತನಾಡುವ ಗುರುತರ ಹೊಣೆ ನನ್ನ ಮೇಲಿದೆ.’
ನಾನು ಬರೆದದ್ದು: ‘ನಾನು ಇಮ್ಮಿಯ ದೊಡ್ಡಪ್ಪ, ನೆವಿಲ್. ನನ್ನ ಮಾತು ಹಿಂದೆ ಕೇಳಿದವರು ಆಗಲೇ ಬಾತ್‌ರೂಮಿಗೆ ಹೋಗಿ ಬಂದಿದ್ದಾರೆ.’

ಅವನದು: ‘ವರನು ಸದ್ಗುಣಿಯೂ ಶ್ರಮಜೀವಿಯೂ ಆಗಿರುತ್ತಾನೆ.’
ನನ್ನದು: ‘ಆ ಗೇಟನ್ನು ಹೋದ ವರ್ಷ ಆಂಟನ್ ರಿಪೇರಿ ಮಾಡಿದ. ಆಮೇಲೆ ಅದು ತೆರೆಯಲೇ ಇಲ್ಲ. ಮುಂದಿನ ಶನಿವಾರ ಹೇಳದೇ ಮತ್ತೆ ಬಂದ. ಅದರ ಮುಂದಿನ ಶನಿವಾರವೂ. ಗೇಟು ಇನ್ನೂ ತೆರೆದಿಲ್ಲ. ಆದರೆ ಹುಡುಗ ಬರುವುದು ಬಿಡುವವನಲ್ಲ ಎಂದು ಗೊತ್ತಾಯಿತು.’

ಇಮ್ಮಿ ಹಿಂದೆ ಹೇಳಿದ್ದ ಈ ಕತೆ ನಿಜವೇ ಎಂದು ಫೋನ್ ಮಾಡಿ ಕೇಳಿದೆ. “ನಾಲ್ಕು ಶನಿವಾರ,” ಎಂದ ದೊಡ್ಡಪ್ಪ. ತಿದ್ದಿದೆ.

ಆರನೇ ಪುಟ ಕತ್ತರಿಸಿದ್ದು ನನ್ನ ಬಗ್ಗೆ ಇದ್ದುದಕ್ಕಾ? ಹೌದು. ಅಕ್ಕನ ಮದುವೆಯಲ್ಲಿ ತಂಗಿಯ ವಿಚಾರಣೆ ಯಾರಿಗೂ ಬೇಡ, ಅದೂ ಹೌದು.

ಅಕ್ಟೋಬರ್ 14

ನಾಲ್ಕು ಸಂಜೆ ಅವನ ಅಡುಗೆಮನೆಯಲ್ಲೇ ಅಭ್ಯಾಸ. ಮೊದಲ ದಿನ ಪ್ರತಿ ಜೋಕಿಗೂ ವಿವರಣೆ ಕೊಟ್ಟ. “ಅಂದರೆ ಯೂಟಿನ ಬಣ್ಣ ಕೆಂಪು, ನೋಡಿ...”

“ಅವರಿಗೆ ಬುದ್ಧಿ ಇದೆ ದೊಡ್ಡಪ್ಪ. ನಿಲ್ಲಿಸು. ಎರಡು ಉಸಿರು ಬಿಡು. ನಕ್ಕು ಮುಗಿಸಲಿ.”

“ನಗದಿದ್ದರೆ?”

“ಮುಂದಿನ ಕಾರ್ಡಿಗೆ ಹೋಗು.”

ದೊಡ್ಡ ಕಾಗದ ಬೇಡ, ಕೈ ನಡುಗಿದರೆ ಕಾಣುತ್ತದೆ. ಐದು ಕಾರ್ಡ್, ದಪ್ಪ ಅಕ್ಷರ, ಮೂಲೆಯಲ್ಲಿ ನಂಬರ್. ಕೊನೆಯದರಲ್ಲಿ ಮಾತ್ರ ಕೆಂಪು ಶಾಯಿ: ಗ್ಲಾಸ್ ಎತ್ತು. ಎಲ್ಲರೂ ಎದ್ದು ನಿಲ್ಲಲಿ. ಹೆಸರು ಹೇಳು. ಕುಡಿ. ಕೂತ್ಕೋ.

ನಾಲ್ಕನೇ ಕಾರ್ಡ್ ಅಪ್ಪನದು: ‘ಇವತ್ತು ಇಲ್ಲಿ ಡಗ್ ನಿಲ್ಲಬೇಕಿತ್ತು. ಅವನು ಇದಕ್ಕಿಂತ ಚಿಕ್ಕದಾಗಿ ಮುಗಿಸುತ್ತಿದ್ದ.’ ನಾಲ್ಕು ಸಂಜೆಯೂ ಅವನ ಮಾತು ಅಲ್ಲೇ ನಿಂತಿತು. ಮದುವೆ ದಿನವೂ ನಿಂತರೆ ನಾನು ನೀರಿನ ಗ್ಲಾಸ್ ಎತ್ತುತ್ತೇನೆ, ಅದನ್ನು ನೋಡಿ ಐದನೆಯದಕ್ಕೆ ಹೋಗಬೇಕು. ಅಷ್ಟು ಒಪ್ಪಂದ.

ಆರನೇ ಪುಟಕ್ಕೆ ಸಾರಿ ಕೇಳಿಲ್ಲ. ನಾನೂ ಕೇಳಿಸಿಕೊಳ್ಳಲು ಹೋಗಿಲ್ಲ. ಹೊರಡುವಾಗ ಮಾತ್ರ, “ಆ ಕತ್ತರಿಸಿದ ಚೂರು ಎಲ್ಲಿ?” ಎಂದ. ಮೇಜಿನ ಮೇಲೆ ಎಸೆದು ಬಂದೆ.

ಅಕ್ಟೋಬರ್ 18, ಶನಿವಾರ, ಸಂಜೆ ಆರು

ಫುಟ್ಬಾಲ್ ಕ್ಲಬ್ಬಿನ ಹಾಲ್. ಹಿಂದಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಕುಣಿತ ಶುರುವಾಗಿದೆ.

ದೊಡ್ಡಪ್ಪ ಎದ್ದಾಗ ಇಮ್ಮಿ ಎರಡೂ ಕೈಯಲ್ಲಿ ಕುರ್ಚಿ ಹಿಡಿದಿದ್ದಳು. ಬಾತ್‌ರೂಮಿನ ಮಾತಿಗೆ ನಮ್ಮ ಕಡೆಯವರೆಲ್ಲ ನಕ್ಕರು. ಗೇಟಿನ ಕತೆಗೆ ಆಂಟನ್ ಕಡೆಯವರೂ ನಕ್ಕರು, ಅವನ ಅಜ್ಜಿ ಕಣ್ಣೊರೆಸಿಕೊಂಡರು. ಇಮ್ಮಿ ಕುರ್ಚಿ ಬಿಟ್ಟಳು.

ನಾಲ್ಕನೇ ಕಾರ್ಡ್. ಓದಿದ. ಜನ ಮೆಲ್ಲಗೆ ನಕ್ಕರು. ಅವನ ಮಾತು ಅಲ್ಲಿಗೇ ನಿಂತಿತು. ನಾನು ಗ್ಲಾಸ್ ಎತ್ತಿದೆ. ನನ್ನನ್ನು ನೋಡಿದ, ಆದರೆ ಐದನೆಯದಕ್ಕೆ ಹೋಗಲಿಲ್ಲ. ಕಾರ್ಡುಗಳನ್ನು ಮೇಜಿನ ಮೇಲೆ ಇಟ್ಟುಬಿಟ್ಟ. ಹೋಯಿತು, ಇಪ್ಪತ್ತಮೂರು ನಿಮಿಷ, ಎಂದುಕೊಂಡೆ.

“ನಾನು ಬರೆದದ್ದು ಒಂಬತ್ತು ಪುಟ,” ಎಂದ. “ಇದನ್ನ ಬರೆದವಳು ಡಗ್‌ನ ಚಿಕ್ಕ ಮಗಳು. ಇವತ್ತು ಊಟ ಬಿಸಿಯಾಗಿ ಸಿಕ್ಕಿದರೆ ಅವಳಿಗೆ ಥ್ಯಾಂಕ್ಸ್ ಹೇಳಿ.”

ಎಲ್ಲಕ್ಕಿಂತ ಜೋರಾಗಿ ನಕ್ಕದ್ದು ಇದಕ್ಕೆ. ನಾನು ಬರೆಯದ ಒಂದೇ ಜೋಕಿಗೆ. ಆಮೇಲೆ ಗ್ಲಾಸ್, ಎಲ್ಲರೂ ಎದ್ದರು, ‘ಇಮ್ಮಿ ಮತ್ತು ಆಂಟನ್’. ಹೆಸರು ಸರಿ ಹೇಳಿದ. ಟೈಮರ್ ನೋಡಿದೆ, ನಾಲ್ಕು ನಿಮಿಷ ಹತ್ತು ಸೆಕೆಂಡ್.

ಈಗಷ್ಟೇ ಇಲ್ಲಿಗೆ ಬಂದಿದ್ದ. ಆ ಚೂರನ್ನು ಕೈಗಿಟ್ಟ. ‘ಡಗ್‌ಗಿದ್ದ ಕೊರಗು’ — ‘ಡಗ್‌ಗಿದ್ದ’ ಹೊಡೆದು ‘ನನಗಿದ್ದ’ ಎಂದು ಬರೆದಿದ್ದಾನೆ. ಕೊರಗನ್ನು ಮಾತ್ರ ಹಾಗೇ ಬಿಟ್ಟಿದ್ದಾನೆ.

“ಈಗ ನಿಜ ತಾನೇ?” ಎಂದ.

“ನಿಜ. ಸಿಟ್ಟು ಹೋಗಿಲ್ಲ.”

“ಹೋಗೋದು ಬೇಡ. ನಾಳೆ ಬೇಕರಿ ರಜೆ ಅಲ್ವಾ? ಬಾ, ಆ ಗೇಟು ತೆಗೆಯಕ್ಕೆ ಒಬ್ಬರು ಬೇಕು.”

ನಾನು ಅದಕ್ಕೆ, “ಸುತ್ತಿಗೆ ತರಲಾ, ಕತ್ತರಿ ತರಲಾ?” ಎಂದೆ.