ಕಣ್ಣು ಮುಚ್ಚಿದ ಕೋತಿ

ಮಾರ್ಚ್ 4, ಮಧ್ಯಾಹ್ನ

ಪಾಪು ಹೆಗಲ ಮೇಲೆ ನಿದ್ದೆ. ಕೆಳಗಿಳಿಸಿದರೆ ಏಳುತ್ತದೆ. ಉಸಿರಾಡುತ್ತಿದೆಯಾ ಅಂತ ಮೂಗಿನ ಹತ್ತಿರ ಬೆರಳಿಟ್ಟರೂ ಏಳುತ್ತದೆ. ಖಾಲಿ ಇರುವುದು ಒಂದೇ ಕೈ, ಅದರಲ್ಲಿ ಫೋನು. ನನ್ನ ಗಂಡ ಬರೆದಿದ್ದ, ದೂರದಲ್ಲಿ ತಾನು ಬಣ್ಣ ಹೊಡೆಸುತ್ತಿರುವ ಸೇತುವೆಯ ಮೇಲಿಂದ — "ಇವತ್ತು ಮಂಜು ನನ್ನ ಕಾಲ ಕೆಳಗಿತ್ತು. ನೀನಿದ್ದಿದ್ರೆ ಕೈ ಹಿಡ್ಕೊಂಡು ನಡೆಸ್ತಿದ್ದೆ. ನಾನು ಬಂದ್ರೆ ನಿಂಗೆ ಗುರುತು ಸಿಗುತ್ತಾ?"

ಎದೆಯೊಳಗೆ ಏನೋ ತೇಲಿತು. ಕಣ್ಣು ಎಳೆಯುತ್ತಿತ್ತು... ಸೋಫಾದಿಂದ ಉರುಳಿ ಬೀಳುವ ಬೆಕ್ಕಿನ ಜಿಫ್ ಒತ್ತಿದೆ. ಜೊತೆಗೆ ಒಂದು ಸಾಲು ಹೃದಯ.

ಅವನಿಂದ ಹೆಬ್ಬೆರಳು ಬಂತು. ಅಷ್ಟೇ.

ಮಾರ್ಚ್ 9, ಬೆಳಿಗ್ಗೆ

ಈಗೆಲ್ಲ ಅವನಿಂದ ಬರೀ "ಪಾಪು ಹೇಗಿದೆ?" ನನ್ನಿಂದ ತೊಟ್ಟಿಲಿನ ಸ್ಟಿಕರ್.

ಇವನ ಅಕ್ಕ ಬಂದಿದ್ದರು. ಅವನಿಗೆ ಇನ್ನೊಂದು ಸೇತುವೆಯ ಕೆಲಸ ಇದೆಯಂತೆ, ಇನ್ನೂ ಆರು ತಿಂಗಳು. ಶನಿವಾರದೊಳಗೆ ಹೇಳಬೇಕಂತೆ. "ಮನೇಲಿ ನನ್ನ ದಾರಿ ಯಾರೂ ಕಾಯ್ತಿಲ್ಲ, ಒಪ್ಕೋತೀನಿ" ಅಂದನಂತೆ. ಫೋನ್ ಅವರ ಮುಂದಿಟ್ಟೆ. ಬೆರಳಲ್ಲಿ ಸರಿಸುತ್ತಾ ಹೋದರು.

"ಇದೇನೇ, ಅಂಗನವಾಡಿ ಗೋಡೆ ಇದ್ದಂಗಿದೆ. ಅವನು ಕೇಳಿದ್ದಕ್ಕೆ ಉತ್ತರ ಎಲ್ಲಿ?"

"ಬೆಕ್ಕು ಕಳಿಸಿದ್ನಲ್ಲ ಅತ್ತಿಗೆ."

"ಒಗ್ಗರಣೆ ಹಾಕು, ಬೇಡ ಅನ್ನಲ್ಲ. ಬರೀ ಒಗ್ಗರಣೆನೇ ತಟ್ಟೆಗೆ ಬಡಿಸ್ತೀಯಾ?"

ಮಾರ್ಚ್ 10, ಸಂಜೆ

ಮೊದಲು ಮಾತು. ಅವನ ಹಳೇ ಮೆಸೇಜನ್ನೇ ಎಳೆದು, ಅದಕ್ಕೇ ರಿಪ್ಲೈ — "ಗುರುತು ಸಿಗದೆ ಏನು? ನಿನ್ನ ನೀಲಿ ಷರ್ಟ್ ಹಾಕ್ಕೊಂಡೇ ಕೂತಿದೀನಿ. ಎರಡನೇ ಗುಂಡಿ ಇಲ್ಲ. ಹೊಲಿಯೋಕೆ ಮನಸ್ಸಿಲ್ಲ. ಬಂದ್ಬಿಡು."

ಕೊನೆಗೊಂದು ಏನಾದರೂ ಬೇಕು, ಇಲ್ಲದಿದ್ದರೆ ದೂರಿನ ಹಾಗೆ ಕೇಳುತ್ತದೆ. ಕಣ್ಣು ಹೊಡೆಯುವ ಮುಖ? ತಮಾಷೆಗೆ ಅಂದಳು ಅಂದುಕೊಂಡಾನು. ಕಣ್ಣೀರು ಬರುವಷ್ಟು ನಗುವ ಮುಖ ಹಾಕಿದರೆ ಬರೆದದ್ದನ್ನೆಲ್ಲ ನಾನೇ ಅಳಿಸಿದ ಹಾಗೆ. ಹೃದಯಗಳು ಸವೆದಿವೆ, ಹಾಲಿನವನಿಗೂ ಕಳಿಸಿದ್ದೇನೆ. ಜಿಫ್ ಬೇಡ, ಅದು ಕುಣಿಯುತ್ತಲೇ ಇರುತ್ತದೆ, ಮಾತು ಹಿಂದೆ ಬೀಳುತ್ತದೆ. ಕಣ್ಣು ಮುಚ್ಚಿಕೊಂಡ ಕೋತಿ — ಹೌದು. ಹೇಳಿದ್ದು ನಿಜ, ಹೇಳಿ ನಾಚಿಕೆಯಾಯಿತು, ಎರಡೂ ಇದೆ ಅದರಲ್ಲಿ. ಒಂದೇ ಒಂದು.

ಆಮೇಲೆ ಸ್ಟಿಕರ್, ಅಂಗಡಿಯದ್ದಲ್ಲ. ಆ ಷರ್ಟನ್ನು ಹಿಡಿದ ಪಾಪುವಿನ ಮುಷ್ಟಿಯ ಫೋಟೋ, ಹಿನ್ನೆಲೆ ಕತ್ತರಿಸಿ ನಾನೇ ಮಾಡಿದ್ದು. ತಕ್ಷಣ ಕಳಿಸಲಿಲ್ಲ. ಮಾತು ಮೊದಲು ಅವನಿಗೆ ತಲುಪಲಿ.

ನೀಲಿ ಟಿಕ್ ಬಿತ್ತು. ಟೈಪಿಂಗ್... ನಿಂತಿತು. ಮತ್ತೆ ಟೈಪಿಂಗ್... ಕಿಟಕಿಯ ಬೆಳಕು ನಿಧಾನವಾಗಿ ಗೋಡೆ ಹತ್ತಿ ಹೋಯಿತು.

"ಗುಂಡಿ ನನ್ನ ಪರ್ಸಲ್ಲಿದೆ. ಹೊರಡೋ ದಿನ ಸಿಕ್ಕಿತ್ತು. ಕೊಡೋಕೆ ಮನಸ್ಸು ಬರ್ಲಿಲ್ಲ." ಕೆಳಗೆ ಅದೇ ಕೋತಿ.

ಆಗ ಮುಷ್ಟಿ ಕಳಿಸಿದೆ.

ಮಾರ್ಚ್ 15, ಬೆಳಗಿನ ಜಾವ

ಆ ಇನ್ನೊಂದು ಸೇತುವೆ ಬೇಡ ಅಂದುಬಿಟ್ಟ, ಬೇರೆಯವರು ಮಾಡುತ್ತಾರೆ. ಪಾಪು ಈಗಷ್ಟೇ ಮಲಗಿತು. ಮೆಟ್ಟಿಲ ಮೇಲೆ ಸದ್ದು... ಬ್ಯಾಗ್ ಇಳಿಸಿದ ಸದ್ದು. ಬೆಲ್ ಒತ್ತಬೇಡ ಅಂತ ಮೆಸೇಜ್ ಹಾಕಬೇಕು, ಫೋನ್ ಎಲ್ಲಿ — ಬೇಡ, ಬಾಯಲ್ಲೇ ಹೇಳುತ್ತೇನೆ —