ರಿಮೋಟು ಕೊಡದವನ ಉತ್ತರ

ಬಸ್ ಕಂಪನಿಯ ಮ್ಯಾನೇಜರ್ ಸಾಹೇಬರಿಗೆ,

'ಐ ಬೆಗ್ ಟು ಸ್ಟೇಟ್' ಎಂದು ಕಾಲೇಜಿನಲ್ಲಿ ಕಲಿತಿದ್ದೆ, ಮುಂದಿನದು ಮರೆತಿದೆ. ಕ್ಷಮೆ ಕೇಳಬೇಕೆಂದು ಬರೆದಿದ್ದೀರಿ. ಕೇಳುವುದಿಲ್ಲ.

ಅಂದು ರಾತ್ರಿ ಡ್ರೈವರ್ ಪೆನ್‌ಡ್ರೈವ್ ಸಿಕ್ಕಿಸಿ ಹಳೆಯ ಸಂಸಾರದ ಚಿತ್ರವೊಂದನ್ನು ಹಾಕಿದ. "ಈ ಅಳುಮುಂಜಿ ಪಿಕ್ಚರ್ ತೆಗೀರಿ, ಫೈಟಿಂಗ್ ಇರೋದು ಹಾಕಿ!" ಎಂದು ಹಿಂದಿನ ಸೀಟಿನವರು ಕೂಗಿದರು. ಪಕ್ಕದ ಸೀಟಿನ ತಾಯಿ, "ಯಾವ್ದಾದ್ರೂ ಹಾಕಿ, ಸೌಂಡ್ ಬೇಡಪ್ಪ, ಮಗು ಮಲಗಿದೆ" ಎಂದರು. ರಾಜಿಗೆಂದು ಡ್ರೈವರ್ ಚಿತ್ರವನ್ನು ಓಡಲು ಬಿಟ್ಟು ಸದ್ದು ಮಾತ್ರ ನಿಲ್ಲಿಸಿದ. ನಾನು ಎದ್ದು ಹೋಗಿ ರಿಮೋಟು ಎತ್ತಿಕೊಂಡು ಸದ್ದು ಕೊಟ್ಟೆ, ಟಿವಿಗೆ ಟವೆಲ್ ಹೊದಿಸಿದೆ.

"ತಾತ, ತಲೆ ನೆಟ್ಟಗಿದ್ಯಾ?" ಎಂದನೊಬ್ಬ.

ನೆಟ್ಟಗಿದೆ ಸ್ವಾಮಿ. ಆ ಚಿತ್ರದ ನರ್ಸಿನ ಮುಖ ಯಾರದೋ. ಡಬ್ಬಿಂಗ್ ದನಿ ಮಾತ್ರ ತೀರಿಹೋದ ನನ್ನ ಹೆಂಡತಿಯದು. "ಗಾಬರಿ ಆಗ್ಬೇಡಿ, ನಾನಿದ್ದೀನಲ್ಲ" ಎಂಬ ಒಂದೇ ಮಾತು. ಅವಳ ದನಿ ಇನ್ನೆಲ್ಲೂ ಉಳಿದಿಲ್ಲ. ಆ ಮಾತು ಮುಗಿಯುವವರೆಗೆ ರಿಮೋಟು ನನ್ನ ಜೇಬಿನಲ್ಲಿತ್ತು. ಆಮೇಲೆ ನಾನೇ ಹಿಂದಿನ ಸೀಟಿಗೆ ಕೊಟ್ಟು ಬಂದೆ.

ಮಗು ಎದ್ದು ಅತ್ತಿತು. ಸಾರಿ ಆ ಮಗುವಿಗೆ ಮಾತ್ರ.

ಶುಕ್ರವಾರ ಅದೇ ಬಸ್ಸಿಗೆ ಟಿಕೆಟ್ ತೆಗೆದಿದ್ದೇನೆ. ಆ ಚಿತ್ರವನ್ನು ಅಳಿಸಬೇಡಿ. ರಿಮೋಟು ಬೇಕಾದರೆ ಬಚ್ಚಿಡಿ, ಹುಡುಕಿಕೊಳ್ಳುತ್ತೇನೆ.

ಯುವರ್ಸ್, ಒಬೀಡಿಯಂಟ್ ಅಲ್ಲದ,
ಸ್ಪೀಕರಿನ ಕೆಳಗಿನ ಸೀಟಿನವನು