ಶಿರೂರಿನ ಆಚೆಗಿನ ಕರಾವಳಿ

ಕೃಷ್ಣಮೂರ್ತಿಪುರಂ, ಮೈಸೂರು
ಸೋಮವಾರ

ಚಿರಂಜೀವಿ ನಿಶ್ಚಿತಾಳಿಗೆ,

ನೀನು ಭಟ್ಕಳ ತಲುಪಿದ್ದು ತಿಳಿಯಿತು. ಅಮ್ಮ ತೀರಿಕೊಂಡ ಮೇಲಿನ ಶಿವಗಣಾರಾಧನೆಯ ದಿನ ಎದುರಿಗೆ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ಹೈಸ್ಕೂಲು ಟೀಚರ್ ಕೆಲಸಕ್ಕೆ ಅರ್ಜಿ ತುಂಬುವಾಗ ಯಾವ ವಿಭಾಗಕ್ಕೆ ಹಾಕಲಿ ಎಂದು ನೀನು ನನ್ನನ್ನು ಕೇಳಿದ್ದೆ. "ಬೆಳಗಾವಿಗೇ ಹಾಕು, ಅಲ್ಲಿ ಹುದ್ದೆ ಜಾಸ್ತಿ. ಭಟ್ಕಳ ತಗೊಂಡ್ರಾಯ್ತು. ಅದೂ ಉಡುಪಿ ಥರ ಕರಾವಳಿನೇ ಕಣಮ್ಮ, ಆಮೇಲೆ ಮೈಸೂರಿಗೆ ಬಂದ್ಬುಡ್ಬಹುದು" ಅಂದವನು ನಾನು, ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವನು. ಕರಾವಳಿ, ಮಲೆನಾಡು, ಬಯಲುಸೀಮೆ ಎಂದು ಮಕ್ಕಳಿಂದ ಭೂಪಟಕ್ಕೆ ಬಣ್ಣ ಹಚ್ಚಿಸಿದೆ. ಇಲಾಖೆ ಆ ಬಣ್ಣ ನೋಡುವುದಿಲ್ಲ. ಉಡುಪಿ ಜಿಲ್ಲೆ ಮೈಸೂರು ವಿಭಾಗಕ್ಕೆ ಸೇರಿದೆ. ಗಡಿಯ ಶಿರೂರು ದಾಟಿದರೆ ನಿನ್ನ ಭಟ್ಕಳವಿರುವ ಉತ್ತರ ಕನ್ನಡ, ಅದು ಬೆಳಗಾವಿ ವಿಭಾಗ. ವಿಭಾಗ ಬಿಟ್ಟು ಬರುವವರಿಗೆ ಬೆರಳೆಣಿಕೆಯಷ್ಟೇ ಜಾಗ. ನಿನ್ನ ವರ್ಗಾವಣೆ ಅರ್ಜಿ ಐದು ಸಲ ವಾಪಸು ಬಂತು.

ಪಕ್ಕದ ಮನೆಯ ಸುಷ್ಮಾ ಉಡುಪಿಯಿಂದ ವರ್ಗವಾಗಿ ಬಂದಾಗ ಅಮ್ಮ ಕೇಳಿದಳು: "ಅವ್ಳೂ ಟೀಚರ್ರೇ, ಅವ್ಳಿದ್ದದ್ದೂ ಸಮುದ್ರದ ಕಡೆನೇ. ನಮ್ಮೋಳಿಗೆ ಬರೋಕೆ ಮನಸ್ಸಿಲ್ವೇನ್ರೀ?"

ನನ್ನ ತಪ್ಪು ಹೇಳಬೇಕಾಗುತ್ತದೆಂದು ಸುಮ್ಮನಿದ್ದೆ. ಕೊನೆಯವರೆಗೂ ಅವಳು ಹಾಗೆಯೇ ನಂಬಿದ್ದಳು.

ಅವಳ ಎರಡು ಸೀರೆ ಪಾರ್ಸೆಲ್ ಮಾಡಿದ್ದೇನೆ, ತಲುಪಿದಾಗ ತಿಳಿಸು. ಈ ವರ್ಷದ ವರ್ಗಾವಣೆ ಅರ್ಜಿಯಲ್ಲಿ "ತಾಯಿಯ ಅನಾರೋಗ್ಯ" ಎಂಬ ಕಾರಣವನ್ನು ತೆಗೆದುಬಿಡು. ಆ ಜಾಗದಲ್ಲಿ ನನ್ನ ಹೆಸರು ಬರೆಯಬೇಡ.

ನಿನ್ನ ಅಪ್ಪ,
ಶಿವರುದ್ರಪ್ಪ